ಎರಡು ಸಲ ಮಗುಚಿದ ಕೊಡೆ

ಗಾಳಿಗೆ ಕೊಡೆ ಮಗುಚಿಕೊಳ್ಳುತ್ತಲ್ಲ, ಎಸ್‌ಎನ್2 ಕ್ರಿಯೆಯಲ್ಲಿ ಕಾರ್ಬನ್ ಕೂಡ ಹಾಗೇ ಮಗುಚುತ್ತೆ. ಆದರೆ 1939ರಲ್ಲಿ ವಿನ್‌ಸ್ಟೈನ್ ಮತ್ತು ಲ್ಯೂಕಾಸ್ 3-ಬ್ರೋಮೋ-2-ಬ್ಯುಟನಾಲ್ ಅನ್ನು ಹೈಡ್ರೋಬ್ರೋಮಿಕ್ ಆಮ್ಲದ ಜೊತೆ ಸೇರಿಸಿದಾಗ ವಿನ್ಯಾಸ ಹಾಗೇ ಉಳಿಯಿತು. ಕಾರಣ? ನೀರು ಬಿಟ್ಟುಹೋಗುವಾಗ ಪಕ್ಕದ ಬ್ರೋಮಿನ್ ಹಿಂದಿನಿಂದ ಬಂದು ಎರಡೂ ಕಾರ್ಬನ್‌ಗಳಿಗೆ ಸೇತುವೆಯಾಗುತ್ತೆ. ಇದು ಮೊದಲ ಮಗುಚು. ಹೊರಗಿನ ಬ್ರೋಮೈಡ್ ಎದುರು ಬದಿಯಿಂದ ಬಂದು ಸೇತುವೆ ಬಿಡಿಸುತ್ತೆ. ಇದು ಎರಡನೇದು. ಅಲ್ಲಿಗೆ ಕೊಡೆ ಮೊದಲಿನ ಹಾಗೇ.

ಸೇತುವೆ ಇತ್ತು ಅನ್ನೋಕೆ ಸಾಕ್ಷಿ? ಧ್ರುವೀಕೃತ ಬೆಳಕನ್ನು ತಿರುಗಿಸುವ ಥ್ರಿಯೊ ರೂಪವನ್ನು ತಗೊಂಡರು. ಸೇತುವೆಯಿಲ್ಲದೆ ವಿನ್ಯಾಸ ಉಳಿದಿದ್ದರೆ ಆ ಗುಣವೂ ಉಳಿಯಬೇಕಿತ್ತು. ಉಳಿಯಲಿಲ್ಲ. ಸೇತುವೆಯ ಎರಡು ಬದಿಯೂ ಒಂದೇ ಥರ, ಹಾಗಾಗಿ ಬ್ರೋಮೈಡ್ ಎರಡೂ ಕಾರ್ಬನ್‌ಗೆ ಸಮನಾಗಿ ಬಂದು, ಎಡ-ಬಲ ರೂಪಗಳು ಅರ್ಧರ್ಧ ಹುಟ್ಟಿದವು.