ಬಿಸುವಿಗೆ ಗದ್ದೆ ಬಿಡು

ಹಳೆಯ ಗೇಣಿ ಕಾಗದಗಳ ನಡುವೆ ಧನಿಗಳು ಒಕ್ಕಲಿಗೆ ಕೊಟ್ಟ ನೋಟೀಸು ಸಿಕ್ಕಿದರೆ ನಾನು ಮೊದಲು ನೋಡುವುದು ಅದರ ತಾರೀಕನ್ನು. ಗದ್ದೆ ಬಿಡಲು ಕಾರಣ ಏನೇ ಬರೆದಿರಲಿ, ಒಕ್ಕಲು ಇನ್ನೊಂದು ವರ್ಷ ಉಳಿಯುತ್ತಾನೋ ಇಲ್ಲವೋ ಎಂಬುದು ಆ ತಾರೀಕಿನಲ್ಲೇ ಇರುತ್ತಿತ್ತು.

ದಕ್ಷಿಣ ಕನ್ನಡದಲ್ಲಿ ಮೂಲಗೇಣಿಯ ಒಕ್ಕಲನ್ನು ಧನಿ ಮನಸ್ಸು ಬಂದಂತೆ ಎಬ್ಬಿಸುವಂತಿರಲಿಲ್ಲ. ಅವನ ಹಕ್ಕು ಶಾಶ್ವತ, ಗೇಣಿ ನಿಗದಿ. ನೋಟೀಸಿನ ಭಯವಿದ್ದದ್ದು ಚಾಲಗೇಣಿಯವನಿಗೆ. ಅವನದು ವರ್ಷದಿಂದ ವರ್ಷಕ್ಕೆ ಸಾಗುವ ಒಪ್ಪಂದ. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 106ನೇ ಕಲಮು ಇಂಥ ಗೇಣಿಗೆ ಆರು ತಿಂಗಳ ನೋಟೀಸು ಕೇಳುತ್ತಿತ್ತು. ಆ ಆರು ತಿಂಗಳು ಗೇಣಿ ವರ್ಷದ ಕೊನೆಗೇ ಮುಗಿಯಬೇಕು ಎಂಬುದು ಅದರ ಜೊತೆಗಿನ ಷರತ್ತು. ಅದೇ ಕಾಯಿದೆಯ 117ನೇ ಕಲಮು ಬೇಸಾಯದ ಗೇಣಿಯನ್ನು ಹೊರಗಿಟ್ಟಿತ್ತು ನಿಜ. ಆದರೂ ಊರ ರೂಢಿ, ಚೀಟಿನ ಮಾತು ಬೇರೆ ಹೇಳದಿದ್ದಲ್ಲಿ ನ್ಯಾಯಾಲಯಗಳು ಆ ಕಲಮುಗಳ ತತ್ವವನ್ನು ನ್ಯಾಯದ ಮಾತಾಗಿ ಬಳಸಿಕೊಳ್ಳುತ್ತಿದ್ದವು.

ಇದನ್ನು ಮೂಡುಬಿದಿರೆ ಬಳಿಯ ತೋಡಾರಿನಂಥ ಊರಿನ ಬೈಲುಗದ್ದೆಗೆ ಹಚ್ಚಿ ನೋಡೋಣ. ಬೆಟ್ಟುಗದ್ದೆಯಲ್ಲಿ ಮಳೆಗಾಲದ ಏಣೆಲು ಒಂದೇ ಬೆಳೆ. ಮಜಲಿನಲ್ಲಿ ಅದರ ಮೇಲೆ ಸುಗ್ಗಿ. ನೀರಿರುವ ಬೈಲಿನಲ್ಲಿ ಮೂರನೆಯದಾಗಿ ಕೊಳಕೆ. ಕೊಳಕೆ ಕೊಯ್ದು ಮುಂದಿನ ಮಳೆ ಬರುವ ತನಕದ ಕೆಲವೇ ವಾರ ಬೈಲು ಖಾಲಿ. ಏಪ್ರಿಲ್ ನಡುವಿನ ಬಿಸು ಹಬ್ಬ ಬರುವುದೂ ಆ ಹೊತ್ತಿಗೇ. ಚೀಟಿನಲ್ಲಿ ವರ್ಷ ಬಿಸುವಿನಿಂದ ಬಿಸುವಿಗೆ ಎಂದಿದ್ದರೆ ನೋಟೀಸು ಅಕ್ಟೋಬರ್ ನಡುವಿನೊಳಗೆ, ಅಂದರೆ ನಿರ್ನಾಲ ತಿಂಗಳಲ್ಲಿ, ಏಣೆಲಿನ ಕೊಯ್ಲಿನ ಗಡಿಬಿಡಿಯಲ್ಲೇ ಒಕ್ಕಲಿನ ಕೈಸೇರಬೇಕು. ನವೆಂಬರಿನಲ್ಲಿ ಕೊಟ್ಟು ಬರುವ ಬಿಸುವಿಗೆ ಬಿಡು ಎಂದರೆ ಅದು ನಿಲ್ಲುವುದಿಲ್ಲ. ಒಕ್ಕಲಿಗೆ ಇಡೀ ವರ್ಷ ಸಿಕ್ಕಿತು. ಲಕೋಟೆ ತೆಗೆದುಕೊಳ್ಳದೆ ದಿನ ದೂಡಿದರೂ ಪ್ರಯೋಜನವಿರಲಿಲ್ಲ. ಕೈಗೆ ಕೊಡಲಾಗದಿದ್ದರೆ ಎದ್ದು ಕಾಣುವ ಜಾಗದಲ್ಲಿ ಅಂಟಿಸಬಹುದೆಂದು ಕಾಯಿದೆಯೇ ಹೇಳಿತ್ತು.

ಪುಸ್ತಕದಲ್ಲಿ ಈ ಆರು ತಿಂಗಳು ಉದಾರವಾಗಿ ಕಾಣುತ್ತದೆ. ಗದ್ದೆಯಲ್ಲಿ ನಿಂತವನಿಗೆ ಹಾಗಲ್ಲ. ಮಳೆ ನಿಂತ ಮೇಲೆ ತೋಡಿಗೆ ಅಡ್ಡಲಾಗಿ ಮಣ್ಣಿನ ಕಟ್ಟ ಹಾಕಬೇಕು, ಹಟ್ಟಿಗೊಬ್ಬರ ಹೊರಬೇಕು, ಅಂಚು ಕಟ್ಟಬೇಕು. ಬಿಸುವಿಗೆ ಏಳುವವನು ಈ ಕೆಲಸ ಎಷ್ಟು ಮನಸ್ಸಿಟ್ಟು ಮಾಡಿಯಾನು? ಧನಿಗೂ ಇದು ಗೊತ್ತು. ಹೀಗಾಗಿ ನೋಟೀಸು ಎಬ್ಬಿಸುವುದಕ್ಕಿಂತ ಗೇಣಿ ಏರಿಸುವುದಕ್ಕೇ ಹೆಚ್ಚು ಒದಗುವ ಕಾಗದ ಎಂದು ನನ್ನ ಎಣಿಕೆ. ಇನ್ನೆರಡು ಮುಡಿ ಅಕ್ಕಿ ಒಪ್ಪಿಕೊಂಡರೆ ಅದು ಮತ್ತೆ ಪೆಟ್ಟಿಗೆ ಸೇರಬಹುದಿತ್ತು.

ನಿಂತ ಬೆಳೆಗೆ ಬೇರೆ ಕಾವಲಿತ್ತು. ಕೊನೆ ಎಂದೆಂದು ಗೊತ್ತಿಲ್ಲದ ಗೇಣಿ, ಒಕ್ಕಲಿನ ತಪ್ಪಿಲ್ಲದೆ ಮುಗಿದರೆ, ಅವನು ನೆಟ್ಟು ಬಿತ್ತಿದ ಪೈರು ಅವನದೇ. ಕೊಯ್ದು ಹೊರಲು ಗದ್ದೆಗೆ ಹೋಗಿಬರುವ ಹಕ್ಕೂ ಅವನಿಗುಂಟು. 108ನೇ ಕಲಮಿನ ಈ ಮಾತಿನಲ್ಲಿ ಎರಡು ಕೊಕ್ಕೆಗಳಿವೆ. ವಾಯಿದೆ ಗೇಣಿಯವನಿಗೆ ಕೊನೆಯ ದಿನ ಮೊದಲೇ ಗೊತ್ತಿರುವುದರಿಂದ ಅವನಿಗೆ ಇದು ಸಿಗದು. ಗೇಣಿ ಬಾಕಿಯಿಟ್ಟು ಗೇಣಿ ಕಳೆದುಕೊಂಡವನಿಗೂ ಸಿಗದು. ಬೆಳೆ ಕೆಟ್ಟ ವರ್ಷವೇ ಬಾಕಿ ಬೀಳುವ ವರ್ಷ ಎಂಬುದನ್ನು ಕಾಯಿದೆ ಬರೆದವರು ಯೋಚಿಸಿದಂತಿಲ್ಲ.

ಮದ್ರಾಸಿನ 1955ರ ಸಾಗುವಳಿ ಗೇಣಿದಾರರ ರಕ್ಷಣಾ ಕಾಯಿದೆ ಬಂದ ಮೇಲೆ ತಾರೀಕು ಸರಿಯಿದ್ದರಷ್ಟೇ ಸಾಲದಾಯಿತು. ಬಾಕಿ, ಭೂಮಿಗೆ ಹಾನಿ, ಬೇಸಾಯವಲ್ಲದ ಬಳಕೆ, ಧನಿಯ ಹಕ್ಕನ್ನೇ ಅಲ್ಲಗಳೆಯುವುದು, ಇಂಥ ಕಾರಣ ಬೇಕು. ಅದನ್ನು ರೆವಿನ್ಯೂ ಅಧಿಕಾರಿಯ ಮುಂದೆ ತೋರಿಸಬೇಕು. ಮರುವರ್ಷ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1961ರ ಭೂಸುಧಾರಣಾ ಕಾಯಿದೆ 1965ರ ಅಕ್ಟೋಬರ್ 2ರಂದು ಜಾರಿಗೆ ಬಂತು. ಅದಕ್ಕೆ ದೇವರಾಜ ಅರಸರ ಕಾಲದಲ್ಲಿ ಆದ ತಿದ್ದುಪಡಿ 1974ರ ಮಾರ್ಚ್ 1ರಿಂದ ಗೇಣಿ ಭೂಮಿಯನ್ನೆಲ್ಲ ಸರಕಾರದ್ದಾಗಿಸಿತು. ನೋಟೀಸು ಕೊಡಲು ಧನಿಯೇ ಇಲ್ಲವಾದ.

ಒಕ್ಕಲುಗಳು ಏಳನೇ ನಮೂನೆಯಲ್ಲಿ ‘ಡಿಕ್ಲರೇಶನ್’ ಹಾಕಿ ಭೂನ್ಯಾಯ ಮಂಡಳಿಯ ಮುಂದೆ ನಿಂತರು. ತಾನು ಗೇಣಿದಾರ ಎಂದು ತೋರಿಸುವುದೇ ಅಲ್ಲಿನ ಕಷ್ಟ. ಎಷ್ಟೋ ಮಂದಿಗೆ ಚೀಟು ಇರಲಿಲ್ಲ, ರಶೀದಿ ಇರಲಿಲ್ಲ. ಆಗ ಬೆದರಿಸಲು ಕಳಿಸಿದ್ದ ಹಳೆಯ ನೋಟೀಸು ಒಕ್ಕಲಿನ ಕಡೆಯ ಸಾಕ್ಷಿಯಾಗಬಲ್ಲದಾಗಿತ್ತು. ‘ನೀನು ನನ್ನ ಚಾಲಗೇಣಿ ಒಕ್ಕಲು’ ಎಂದು ಧನಿಯೇ ಸಹಿ ಹಾಕಿ ಒಪ್ಪಿದ ಕಾಗದವಲ್ಲವೇ ಅದು? ಜೋಪಾನವಾಗಿಟ್ಟವನು ಜಾಣ.

ಹೊಸ ಗೇಣಿಯನ್ನು ಆ ಕಾಯಿದೆಯ 5ನೇ ಕಲಮು, ಕೆಲವು ವಿನಾಯಿತಿ ಬಿಟ್ಟು, ನಿಷೇಧಿಸಿದೆ. ಗದ್ದೆ ಹಡಿಲು ಬಿದ್ದರೂ ಬರೆದುಕೊಡಲು ಮಾಲಿಕರು ಹೆದರುತ್ತಾರೆ. ಕೊಟ್ಟರೂ ಬಾಯಿಮಾತಿನಲ್ಲಿ. ಅಂಥ ಗದ್ದೆ ಬಿಡಲು ಹೇಳುವುದೂ ಬಾಯಿಮಾತಿನಲ್ಲೇ, ಒಮ್ಮೊಮ್ಮೆ ಕೊಯ್ಲಿಗೆ ಮುನ್ನವೇ. ತಾರೀಕು ತೋರಿಸಲು ಸಾಗುವಳಿದಾರನ ಕೈಯಲ್ಲಿ ಏನೂ ಇರುವುದಿಲ್ಲ.