ಮರೆತ ಮಾತ್ರೆ ಮತ್ತು ಜೊತೆಗಿನ ಔಷಧ

1960ರಲ್ಲಿ ಅಮೆರಿಕದಲ್ಲಿ ಗರ್ಭನಿರೋಧಕವಾಗಿ ಒಪ್ಪಿಗೆ ಪಡೆದ ಎನೋವಿಡ್ ಮಾತ್ರೆಯಲ್ಲಿ ಈಸ್ಟ್ರೋಜನ್ 150 ಮೈಕ್ರೊಗ್ರಾಂ ಇತ್ತು. ನಮ್ಮ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಸಿಗುವ ಮಾಲಾ-ಎನ್‌ನಲ್ಲಿರುವುದು 30 ಮೈಕ್ರೊಗ್ರಾಂ. ಎರಡರಲ್ಲೂ ಈಸ್ಟ್ರೋಜನ್‌ನ ಬಗೆ ಬೇರೆ, ಆದರೂ ಪ್ರಮಾಣ ಬಹಳ ಇಳಿದಿದೆಯೆಂಬುದು ನಿಜ. ರಕ್ತ ಹೆಪ್ಪುಗಟ್ಟುವ ಅಪಾಯ ತಗ್ಗಿಸಲು ಹಾಗೆ ಇಳಿಸಲೇಬೇಕಿತ್ತು. ಇಳಿದಷ್ಟೂ ಬೇರೆ ಎರಡು ಪ್ರಶ್ನೆಗಳಿಗೆ ತೂಕ ಬಂತು: ಮಾತ್ರೆ ಮರೆತರೆ ಏನಾಗುತ್ತದೆ? ಜೊತೆಗೆ ಇನ್ನೊಂದು ಔಷಧ ನುಂಗಿದರೆ ಏನಾಗುತ್ತದೆ?

ಎರಡನೆಯ ಪ್ರಶ್ನೆಗೆ ಮೊದಲ ಸುಳಿವು ಸಿಕ್ಕಿದ್ದು ಕ್ಷಯರೋಗಿಗಳಿಂದ. ಮಾತ್ರೆಯ ಜೊತೆ ರಿಫಾಂಪಿಸಿನ್ ತೆಗೆದುಕೊಳ್ಳುತ್ತಿದ್ದ ಹೆಂಗಸರಿಗೆ ತಿಂಗಳ ನಡುವೆಯೇ ರಕ್ತಸ್ರಾವವಾಗುತ್ತಿದೆ ಎಂದು 1971ರಲ್ಲಿ ಜರ್ಮನಿಯ ವೈದ್ಯರು ವರದಿ ಮಾಡಿದರು. ಮರುವರ್ಷ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅಪಸ್ಮಾರಕ್ಕೆ ಔಷಧ ನುಂಗುತ್ತಿದ್ದ ಮಹಿಳೆಯೊಬ್ಬರ ಅನಪೇಕ್ಷಿತ ಗರ್ಭದ ಪ್ರಕರಣ ಅಚ್ಚಾಯಿತು. ಕಾರಣ ತಿಳಿದದ್ದು ನಿಧಾನವಾಗಿ. ಈ ಔಷಧಗಳು ಯಕೃತ್ತಿನ ಕಿಣ್ವಗಳನ್ನು ಹೆಚ್ಚಿಸುತ್ತವೆ. ಕಿಣ್ವ ಹೆಚ್ಚಿದಂತೆ ಮಾತ್ರೆಯ ಹಾರ್ಮೋನು ಬೇಗ ಒಡೆದು ದೇಹದಿಂದ ಹೊರಬೀಳುತ್ತದೆ. ಹೀಗಾಗಿ ಒಂದು ದಿನವೂ ತಪ್ಪಿಸದೆ ನುಂಗಿದವಳ ರಕ್ತದಲ್ಲೂ ಸಾಕಷ್ಟು ಹಾರ್ಮೋನು ಇರುವುದಿಲ್ಲ. ನಡುತಿಂಗಳ ರಕ್ತಸ್ರಾವ ಇದರ ಸೂಚನೆಯಾಗಬಹುದು. ಆದರೆ ಸ್ರಾವ ಇಲ್ಲವೆಂದ ಮಾತ್ರಕ್ಕೆ ರಕ್ಷಣೆ ಇದೆ ಎನ್ನುವಂತಿಲ್ಲ.

ಫಿಟ್ಸ್ ಔಷಧಗಳೆಲ್ಲ ಹೀಗೆ ಮಾಡುವುದಿಲ್ಲ. ಫೆನಿಟೊಯಿನ್, ಕಾರ್ಬಮಜೆಪಿನ್, ಫಿನೋಬಾರ್ಬಿಟೋನ್, ಆಕ್ಸ್‌ಕಾರ್ಬಜೆಪಿನ್ ಕಿಣ್ವ ಹೆಚ್ಚಿಸುವ ಗುಂಪಿನವು. ಹೆಚ್ಚಿನ ಪ್ರಮಾಣದ ಟೊಪಿರಾಮೇಟ್ ಕೂಡ ಅದೇ ಸಾಲಿಗೆ ಸೇರುತ್ತದೆ. ವಾಲ್‌ಪ್ರೊಯೇಟ್, ಲೆವೆಟಿರಾಸೆಟಮ್ ಮಾತ್ರೆಯ ಬಲ ಕುಂದಿಸುವುದಿಲ್ಲ. ಹಾಗೆಂದು ವಾಲ್‌ಪ್ರೊಯೇಟ್ ನಿರಾತಂಕದ ಔಷಧವಲ್ಲ: ಗರ್ಭದಲ್ಲಿರುವ ಮಗುವಿಗೆ ಅದು ತೀವ್ರ ಹಾನಿ ಮಾಡಬಲ್ಲದು. ಲ್ಯಾಮೊಟ್ರಿಜಿನ್ ಕಥೆ ತಿರುಗುಮುರುಗು. ಇಲ್ಲಿ ಗರ್ಭನಿರೋಧಕ ಮಾತ್ರೆಯ ಈಸ್ಟ್ರೋಜನ್ನೇ ಫಿಟ್ಸ್ ಔಷಧದ ಮಟ್ಟವನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ. ನಿಂತಿದ್ದ ಫಿಟ್ಸ್ ಮತ್ತೆ ಶುರುವಾದಾಗ, ಈಚೆಗೆ ಮಾತ್ರೆ ಆರಂಭಿಸಿದಿರಾ ಎಂದು ವೈದ್ಯರು ಕೇಳಲೇಬೇಕು.

ಸಾಮಾನ್ಯ ಆಂಟಿಬಯಾಟಿಕ್‌ಗಳ ಮೇಲೆ ಸಂಶಯ ಬಿದ್ದದ್ದು 1975ರ ಸುಮಾರಿಗೆ, ಆಂಪಿಸಿಲಿನ್ ತೆಗೆದುಕೊಂಡ ಕೆಲವರು ಗರ್ಭಿಣಿಯರಾದಾಗ. ಅದಕ್ಕೊಂದು ವಿವರಣೆಯೂ ಸಿಕ್ಕಿತು. ಪಿತ್ತದೊಡನೆ ಕರುಳಿಗಿಳಿದ ಹಾರ್ಮೋನನ್ನು ಅಲ್ಲಿನ ಬ್ಯಾಕ್ಟೀರಿಯಾಗಳು ಬಿಡಿಸಿ ಮತ್ತೆ ರಕ್ತಕ್ಕೆ ಸೇರುವಂತೆ ಮಾಡುತ್ತವೆ. ಆಂಟಿಬಯಾಟಿಕ್ ಅವನ್ನು ಕೊಂದರೆ ಈ ಮರುಪೂರೈಕೆ ನಿಲ್ಲುತ್ತದೆ ಎಂಬ ತರ್ಕ. ಕೇಳಲು ಒಪ್ಪುವಂತಿತ್ತು. ಆದರೆ ರಕ್ತ ಪರೀಕ್ಷಿಸಿ ನೋಡಿದ ಅಧ್ಯಯನಗಳಲ್ಲಿ ಹಾರ್ಮೋನಿನ ಮಟ್ಟ ಗಣನೀಯವಾಗಿ ಇಳಿದದ್ದು ಕಾಣಲಿಲ್ಲ. 2011ರಲ್ಲಿ ಬ್ರಿಟನ್ನಿನ ತಜ್ಞರ ಸಂಸ್ಥೆ, ಅಮಾಕ್ಸಿಸಿಲಿನ್, ಡಾಕ್ಸಿಸೈಕ್ಲಿನ್‌ನಂಥವುಗಳ ಜೊತೆ ಹೆಚ್ಚುವರಿ ರಕ್ಷಣೆ ಬೇಡವೆಂದಿತು. ವಾಂತಿ, ತೀವ್ರ ಭೇದಿ ಇದ್ದರೆ ಮಾತ್ರ ಬೇರೆ ಮಾತು. ಚರ್ಚೆ ಅಲ್ಲಿಗೆ ಮುಗಿಯಲಿಲ್ಲ. 2020ರಲ್ಲಿ ಅರಾನ್‌ಸನ್ ಮತ್ತು ಫರ್ನರ್ ಬ್ರಿಟನ್ನಿನ ಔಷಧ ದುಷ್ಪರಿಣಾಮ ವರದಿಗಳನ್ನು ಜಾಲಾಡಿದಾಗ, ಆಂಟಿಬಯಾಟಿಕ್‌ಗಳ ವರದಿಗಳಲ್ಲಿ ಅನಪೇಕ್ಷಿತ ಗರ್ಭದ ಪ್ರಸ್ತಾಪ ಬೇರೆ ಔಷಧಗಳಿಗಿಂತ ಸುಮಾರು ಏಳು ಪಟ್ಟು ಹೆಚ್ಚಿತ್ತು. ಇಂಥ ವರದಿಗಳು ಕಾರಣವನ್ನು ಸಾಬೀತು ಮಾಡುವುದಿಲ್ಲ: ಹಳೆಯ ಎಚ್ಚರಿಕೆ ಕೇಳಿದ್ದವರೇ ಹೆಚ್ಚು ವರದಿ ಮಾಡಿರಬಹುದು, ಕಾಯಿಲೆಯಲ್ಲಿ ಮಾತ್ರೆ ಮರೆತಿರಲೂಬಹುದು. ನನ್ನ ಮಟ್ಟಿಗೆ 2011ರ ಸಲಹೆಯೇ ಸರಿ. ಆದರೆ ಒಂದು ವಾರ ಕಾಂಡೋಮ್ ಬಳಸುತ್ತೇನೆ ಎನ್ನುವವಳನ್ನು ತಡೆಯಲು ಕಾರಣವೂ ಇಲ್ಲ.

ಮರೆವಿನ ನಿಯಮವೂ ಬದಲಾಗುತ್ತ ಬಂದಿದೆ. ಹಿಂದೆ ಬ್ರಿಟನ್ನಿನಲ್ಲಿ ಹನ್ನೆರಡು ಗಂಟೆ ತಡವಾದರೂ ಎಚ್ಚರಿಸುತ್ತಿದ್ದರು. ಈಗ ಒಂದೇ ಮಾತ್ರೆ ತಪ್ಪಿದ್ದರೆ ನೆನಪಾದ ಕೂಡಲೇ ನುಂಗಿ ಮುಂದುವರಿದರೆ ಸಾಕು. ಅಂಡಾಶಯವನ್ನು ಸುಮ್ಮನಿರಿಸಲು ಸತತ ಏಳು ಮಾತ್ರೆ ಬೇಕು. ಉಳಿದವು ಅದನ್ನು ಹಾಗೇ ಇಡುತ್ತವೆ. ಹಾರ್ಮೋನಿಲ್ಲದ ವಾರದಲ್ಲಿ ಅಂಡಕೋಶಗಳು ಮತ್ತೆ ಬೆಳೆಯಲು ಶುರುಮಾಡುತ್ತವೆ. ಹಾಗಾಗಿ ಹೆಚ್ಚು ಅಪಾಯ ಈ ವಾರ ಉದ್ದವಾದಾಗ.

ಮಾಲಾ-ಎನ್ ನುಂಗುವ ಒಬ್ಬಾಕೆ ಏಳು ಕಬ್ಬಿಣಾಂಶದ ಮಾತ್ರೆ ಮುಗಿಸಿ ಮದುವೆಗೆಂದು ತವರಿಗೆ ಹೋದಳು, ಹೊಸ ಪಟ್ಟಿ ಮನೆಯಲ್ಲೇ ಉಳಿಯಿತು ಎಂದಿಟ್ಟುಕೊಳ್ಳಿ. ಎರಡು ಬಿಳಿ ಮಾತ್ರೆ ತಪ್ಪಿದರೆ ಏಳು ದಿನದ ಅಂತರ ಒಂಬತ್ತಾಗುತ್ತದೆ. ಆಕೆ ಕೂಡಲೇ ಒಂದು ಬಿಳಿ ಮಾತ್ರೆ ನುಂಗಿ, ದಿನದ ಮಾತ್ರೆ ಎಂದಿನ ಹೊತ್ತಿಗೆ ತೆಗೆದುಕೊಳ್ಳಬೇಕು, ಏಳು ದಿನ ಕಾಂಡೋಮ್ ಬಳಸಬೇಕು. ಹಿಂದಿನ ಐದು ದಿನಗಳಲ್ಲಿ ಸಂಪರ್ಕವಾಗಿದ್ದರೆ ತುರ್ತು ಗರ್ಭನಿರೋಧಕದ ಬಗ್ಗೆ ವೈದ್ಯರನ್ನು ಕೇಳಬೇಕು. ಇದೇ ಎರಡು ಮಾತ್ರೆ ಮೂರನೇ ವಾರದಲ್ಲಿ ತಪ್ಪಿದರೆ, ಏಳು ದಿನದ ಕಾಂಡೋಮ್ ಜೊತೆಗೆ, ಬಿಳಿಯವು ಮುಗಿದ ಮರುದಿನವೇ ಕಬ್ಬಿಣದವನ್ನು ಬಿಟ್ಟು ಹೊಸ ಪಟ್ಟಿ ಆರಂಭಿಸಬೇಕು. ಕಬ್ಬಿಣದ ಮಾತ್ರೆ ಮರೆತರೆ ರಕ್ಷಣೆಗೆ ಏನೂ ಆಗದು.

ರಿಫಾಂಪಿಸಿನ್ ಜೊತೆಗೆ ಈ ಲೆಕ್ಕ ನಡೆಯುವುದಿಲ್ಲ. ಸಾಮಾನ್ಯ ಕ್ಷಯಕ್ಕೆ ನಮ್ಮಲ್ಲಿ ಆರು ತಿಂಗಳೂ ದಿನಾ ಅದನ್ನು ಕೊಡುತ್ತಾರೆ, ಬಿಟ್ಟ ಮೇಲೂ ನಾಲ್ಕು ವಾರ ಕಿಣ್ವದ ಪ್ರಭಾವ ಇರುತ್ತದೆ. ಅಷ್ಟು ಕಾಲ ಕಾಪರ್-ಟಿ ಅಥವಾ ಅಂತರಾ ಚುಚ್ಚುಮದ್ದು ಒಳ್ಳೆಯದು. ಅವುಗಳ ಪರಿಣಾಮ ಇದರಿಂದ ಕುಗ್ಗದು. ತುರ್ತು ಮಾತ್ರೆಯೂ ಇಲ್ಲಿ ದುರ್ಬಲವಾಗುವುದರಿಂದ ಐದು ದಿನದೊಳಗೆ ಕಾಪರ್-ಟಿ ಹಾಕಿಸುವುದೇ ಭದ್ರ. ಕ್ಷಯದ ಔಷಧ ಕೊಡುವ ಮೊದಲ ದಿನವೇ, ಮಾಲಾ-ಎನ್ ನುಂಗುತ್ತಿದ್ದೀಯಾ ತಾಯಿ ಎಂದು ಆಶಾ ಕಾರ್ಯಕರ್ತೆ ಕೇಳಬೇಕು.