ಮೊಬೈಲ್ ಡೇಟಾ ಎಣಿಕೆಯ ವ್ಯತ್ಯಾಸ ಮತ್ತು ಪೋಸ್ಟ್‌ಪೇಯ್ಡ್ ಬಿಲ್ ತಕರಾರು

ಮೊಬೈಲ್ ಡೇಟಾ ಎಣಿಕೆಯ ವ್ಯತ್ಯಾಸ ಎಂದರೆ ಗ್ರಾಹಕರ ಫೋನ್ ತೋರಿಸುವ ಅಂತರ್ಜಾಲ ಬಳಕೆಯ ಪ್ರಮಾಣಕ್ಕೂ ದೂರಸಂಪರ್ಕ ಕಂಪನಿಯು ಬಿಲ್ಲಿನಲ್ಲಿ ನಮೂದಿಸುವ ಪ್ರಮಾಣಕ್ಕೂ ಹೊಂದಾಣಿಕೆ ಇಲ್ಲದಿರುವುದು. ಪೋಸ್ಟ್‌ಪೇಯ್ಡ್ ಸಂಪರ್ಕದಲ್ಲಿ ಯೋಜನೆಯ ಮಿತಿ ಮೀರಿದ ಬಳಕೆಗೆ ಹೆಚ್ಚುವರಿ ಶುಲ್ಕ ವಿಧಿಸುವ ಕ್ರಮವಿದ್ದರೆ ಈ ವ್ಯತ್ಯಾಸವು ಹಣದ ತಕರಾರಾಗುತ್ತದೆ. ಈ ಲೇಖನವು ವ್ಯತ್ಯಾಸದ ಕಾರಣಗಳನ್ನೂ, ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿ ತಾಲ್ಲೂಕುಗಳ ಗ್ರಾಹಕರಿಗೆ ಲಭ್ಯವಿರುವ ಪರಿಹಾರ ಮಾರ್ಗವನ್ನೂ ವಿವರಿಸುತ್ತದೆ.

## ಎರಡು ಎಣಿಕೆಗಳು

ಫೋನ್ ತನ್ನೊಳಗೆ ಬಂದ ಮತ್ತು ತನ್ನಿಂದ ಹೊರಟ ಮಾಹಿತಿಯನ್ನು ಎಣಿಸುತ್ತದೆ. ಕಂಪನಿಯು ತನ್ನ ಜಾಲವು ಅಂತರ್ಜಾಲವನ್ನು ಸೇರುವ ದ್ವಾರದಲ್ಲಿ, ಅಂದರೆ ಗ್ರಾಹಕರಿಂದ ಬಹುದೂರದಲ್ಲಿರುವ ಯಂತ್ರದಲ್ಲಿ ಎಣಿಸುತ್ತದೆ. ದ್ವಾರವನ್ನು ದಾಟಿದ ಮಾಹಿತಿಯೆಲ್ಲವೂ ಫೋನನ್ನು ತಲುಪುವುದಿಲ್ಲ. ಸಿಗ್ನಲ್ ದುರ್ಬಲವಾಗಿರುವಲ್ಲಿ ಕೆಲವು ತುಣುಕುಗಳು ದಾರಿಯಲ್ಲಿಯೇ ಕಳೆದುಹೋಗುತ್ತವೆ. ಅವುಗಳನ್ನು ಮತ್ತೆ ಕಳುಹಿಸಿದಾಗ ದ್ವಾರದಲ್ಲಿ ಎರಡು ಬಾರಿ, ಫೋನಿನಲ್ಲಿ ಒಂದೇ ಬಾರಿ ಎಣಿಕೆಯಾಗುತ್ತದೆ. ಹೀಗಾಗಿ ಕಂಪನಿಯ ಲೆಕ್ಕ ಸ್ವಲ್ಪ ಹೆಚ್ಚಿರುವುದು ಸಹಜ. ಆದರೆ ಈ ಬಗೆಯ ನಷ್ಟವು ತಿಂಗಳಿನ ಎಲ್ಲ ದಿನಗಳಲ್ಲೂ ಬಳಕೆಗೆ ತಕ್ಕಂತೆ ಚೂರುಚೂರಾಗಿ ಹರಡಿರುತ್ತದೆ. ತಕರಾರಿನಲ್ಲಿ ಎಲ್ಲಕ್ಕಿಂತ ಉಪಯುಕ್ತವಾದ ಗುರುತು ಇದೇ.

ಅಳತೆಯ ಮಾನವೂ ಬೇರೆಯಾಗಿರಬಹುದು. ಸಾಮಾನ್ಯವಾಗಿ ಕಂಪನಿಗಳು 1 ಜಿಬಿಗೆ 1024 ಎಂಬಿ ಎಂದು ಲೆಕ್ಕ ಹಾಕುತ್ತವೆ. ಐಫೋನ್ ಮತ್ತು ಹಲವು ಆಂಡ್ರಾಯ್ಡ್ ಫೋನ್‌ಗಳು 1000ದ ಲೆಕ್ಕದಲ್ಲಿ ತೋರಿಸುತ್ತವೆ. ಇದರಿಂದ ಜಿಬಿ ಮಟ್ಟದಲ್ಲಿ ಶೇ. 7ಕ್ಕಿಂತ ತುಸು ಹೆಚ್ಚಿನ ಅಂತರ ಬರುತ್ತದೆ. ಇಲ್ಲಿ ಅಂತರದ ದಿಕ್ಕನ್ನು ಗಮನಿಸಬೇಕು. ಫೋನಿನ ಜಿಬಿ ಚಿಕ್ಕದಾದುದರಿಂದ ಅದರ ಅಂಕಿಯೇ ದೊಡ್ಡದಾಗಿ ಕಾಣಬೇಕು. ಆದ್ದರಿಂದ ಕಂಪನಿಯ ಅಂಕಿ ದೊಡ್ಡದಾಗಿದ್ದಾಗ "ಅಳತೆಯ ಮಾನ ಬೇರೆ" ಎಂಬ ವಿವರಣೆ ಕೊಟ್ಟರೆ ಅದು ಹೊಂದುವುದಿಲ್ಲ. ಮಾನವನ್ನು ಸರಿಪಡಿಸಿದರೆ ಅಂತರ ಇನ್ನೂ ಹಿಗ್ಗುತ್ತದೆ.

ಎಷ್ಟೋ ತಕರಾರುಗಳು ಅವಧಿಯ ಗೊಂದಲದಿಂದಲೇ ಹುಟ್ಟುತ್ತವೆ. ಬಿಲ್ಲಿನ ಅವಧಿ 8ರಿಂದ ಮುಂದಿನ ತಿಂಗಳ 7ರವರೆಗೆ ಇದ್ದರೆ, ಆಂಡ್ರಾಯ್ಡ್ ಫೋನ್ ಬದಲಾಯಿಸದ ಹೊರತು ಬೇರೆ ತಾರೀಖಿನಿಂದ ಎಣಿಸುತ್ತಿರಬಹುದು. ಐಫೋನ್ ತಾನಾಗಿಯೇ ತಿಂಗಳಿಗೊಮ್ಮೆ ಎಣಿಕೆಯನ್ನು ಶೂನ್ಯಕ್ಕೆ ತರುವುದಿಲ್ಲ. Reset Statistics ಒತ್ತಿದ ದಿನದಿಂದ ಕೂಡಿಸುತ್ತಲೇ ಹೋಗುತ್ತದೆ. ಜೊತೆಗೆ, ಕುಟುಂಬ ಯೋಜನೆಯಲ್ಲಿ ಮಕ್ಕಳ ಅಥವಾ ಇತರರ ಸಿಮ್‌ಗಳೂ ಅದೇ ಡೇಟಾವನ್ನು ಹಂಚಿಕೊಳ್ಳುತ್ತಿದ್ದರೆ ಒಂದು ಫೋನಿನ ಎಣಿಕೆಯನ್ನು ಇಡೀ ಬಿಲ್ಲಿಗೆ ಹೋಲಿಸುವುದೇ ತಪ್ಪಾಗುತ್ತದೆ.

## ಲೆಕ್ಕದ ಉದಾಹರಣೆ

ಬನಹಟ್ಟಿಯ ಒಬ್ಬ ಗ್ರಾಹಕರ ಯೋಜನೆ 75 ಜಿಬಿ, ಬಿಲ್ಲಿನ ಅವಧಿ 8ರಿಂದ 7ರವರೆಗೆ, ಮಿತಿ ಮೀರಿದ ಪ್ರತಿ ಎಂಬಿಗೆ 2 ಪೈಸೆ ಎಂದು ಕಲ್ಪಿಸಿಕೊಳ್ಳೋಣ. ಬಿಲ್ಲಿನಲ್ಲಿ 93.6 ಜಿಬಿ ಬಳಕೆ ತೋರಿಸಲಾಗಿದೆ. ಹೆಚ್ಚುವರಿ 18.6 ಜಿಬಿ, ಅಂದರೆ 19,046 ಎಂಬಿಗೆ ಸುಮಾರು 381 ರೂಪಾಯಿ, ಶೇ. 18ರ ಜಿಎಸ್‌ಟಿ ಸೇರಿ ಸುಮಾರು 449 ರೂಪಾಯಿ.

ಮೊದಲು ಫೋನಿನ Data usage cycle ಅನ್ನು 8ನೇ ತಾರೀಖಿಗೆ ಬದಲಾಯಿಸಿ ಹಿಂದಿನ ಅವಧಿಯನ್ನು ನೋಡಬೇಕು. ಅಲ್ಲಿ 78 ಜಿಬಿ ಇದೆ. ಇದನ್ನು 1.0737ರಿಂದ ಭಾಗಿಸಿದರೆ ಕಂಪನಿಯ ಮಾನದಲ್ಲಿ ಸುಮಾರು 72.6 ಜಿಬಿ ಆಗುತ್ತದೆ. ಅಂತರ 21 ಜಿಬಿ. ಇಷ್ಟನ್ನೇ ಮುಂದಿಟ್ಟು ವಾದಿಸಿದರೆ ಕಂಪನಿಯು ತನ್ನ ಯಂತ್ರದ ಎಣಿಕೆಯೇ ಅಂತಿಮ ಎನ್ನುತ್ತದೆ. ಆದ್ದರಿಂದ ಮುಂದಿನ ಹೆಜ್ಜೆ ದಿನವಾರು ಬಳಕೆಯ ವಿವರವನ್ನು ಲಿಖಿತವಾಗಿ ಕೇಳಿ ಪಡೆದು, ಫೋನಿನ ದಿನವಾರು ಅಂಕಿಯೊಡನೆ ಹೋಲಿಸುವುದು.

ಹೋಲಿಸಿದಾಗ 28 ದಿನಗಳಲ್ಲಿ ಫೋನ್ 68.2, ಕಂಪನಿ 70.8 ಜಿಬಿ ತೋರಿಸುತ್ತದೆ. ಅಂತರ ಶೇ. 4ಕ್ಕಿಂತ ಕಡಿಮೆ; ದುರ್ಬಲ ಸಿಗ್ನಲ್‌ನಿಂದ ಇಷ್ಟು ಬರಬಹುದೆಂದು ಒಪ್ಪಿಕೊಳ್ಳುವುದೇ ಜಾಣತನ. ಉಳಿದ ಎರಡು ದಿನಗಳಲ್ಲಿ ಫೋನ್ 4.4, ಕಂಪನಿ 22.8 ಜಿಬಿ ತೋರಿಸುತ್ತದೆ. ಈ 18.4 ಜಿಬಿಯನ್ನು ಸಿಗ್ನಲ್ ನಷ್ಟ ವಿವರಿಸಲಾರದು. ಆ ದಿನಗಳಲ್ಲಿ ಸಿಮ್ ಬೇರೆ ಸಾಧನದಲ್ಲಿ ಇತ್ತೇ, ಹಾಟ್‌ಸ್ಪಾಟ್ ಮೂಲಕ ಇನ್ನೊಬ್ಬರು ಬಳಸಿದರೇ, ಕುಟುಂಬದ ಮತ್ತೊಂದು ಸಂಖ್ಯೆಯ ಬಳಕೆ ಸೇರಿದೆಯೇ ಎಂದು ಮನೆಯಲ್ಲಿ ಮೊದಲು ವಿಚಾರಿಸಬೇಕು. ಇವು ಯಾವುವೂ ಅಲ್ಲವಾದರೆ ದೂರು ಆ ಎರಡು ತಾರೀಖುಗಳ ಮೇಲಷ್ಟೇ ನಿಲ್ಲಬೇಕು. ಅದು ಒಪ್ಪಿತವಾದರೆ ಹೆಚ್ಚುವರಿ ಬಳಕೆ 0.2 ಜಿಬಿಗೆ, ಶುಲ್ಕ ಸುಮಾರು 4 ರೂಪಾಯಿಗೆ ಇಳಿಯುತ್ತದೆ.

ಐಫೋನ್ ದಿನವಾರು ಇತಿಹಾಸವನ್ನು ತೋರಿಸದ ಕಾರಣ ಅದರ ಗ್ರಾಹಕರಿಗೆ ಈ ಹೋಲಿಕೆ ಕಷ್ಟ. ಯಾವ ಫೋನಾದರೂ ಫ್ಯಾಕ್ಟರಿ ರೀಸೆಟ್ ಮಾಡಿದರೆ ಎಣಿಕೆ ಅಳಿಸಿಹೋಗುತ್ತದೆ. ಬಿಲ್ ಬಂದ ದಿನವೇ ಪರದೆಯ ಚಿತ್ರಗಳನ್ನು ತೆಗೆದಿಡಬೇಕು.

## ದೂರು ಮತ್ತು ಮೇಲ್ಮನವಿ

ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) 2012ರ ದೂರು ಪರಿಹಾರ ನಿಯಮಗಳು ಎರಡು ಹಂತಗಳನ್ನು ಗೊತ್ತುಪಡಿಸಿವೆ. ಮೊದಲನೆಯದು ಕಂಪನಿಯ ದೂರು ಕೇಂದ್ರ; ಅದರ ಉಚಿತ ಸಂಖ್ಯೆ 198. ಕರೆ ಮಾಡಿದಾಗ ಡಾಕೆಟ್ ಸಂಖ್ಯೆಯನ್ನು ಕೇಳಿ ಪಡೆಯಬೇಕು. ಅದಿಲ್ಲದ ದೂರಿಗೆ ಮುಂದೆ ಲೆಕ್ಕವಿಲ್ಲ. ಉತ್ತರ ತೃಪ್ತಿಕರವಲ್ಲದಿದ್ದರೆ 30 ದಿನಗಳೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಇದಕ್ಕೆ ಶುಲ್ಕವಿಲ್ಲ, 39 ದಿನಗಳೊಳಗೆ ತೀರ್ಮಾನವಾಗಬೇಕು. ಟ್ರಾಯ್ ಸ್ವತಃ ಒಬ್ಬೊಬ್ಬ ಗ್ರಾಹಕರ ದೂರುಗಳನ್ನು ಇತ್ಯರ್ಥ ಮಾಡುವುದಿಲ್ಲ, ಆದ್ದರಿಂದ ನೇರವಾಗಿ ಅಲ್ಲಿಗೆ ಪತ್ರ ಬರೆದು ಕಾಯುವುದು ದಿನ ಕಳೆದಂತೆ.

ದೂರಿನಲ್ಲಿ ಇನ್ನೊಂದು ಅಂಶವನ್ನು ಸೇರಿಸಬಹುದು. ಟ್ರಾಯ್ 2015ರಲ್ಲಿ ಮಾಡಿದ ತಿದ್ದುಪಡಿಯ ಪ್ರಕಾರ ಬಳಕೆಯು ಮಿತಿಯ ಶೇ. 50, 90 ಮತ್ತು 100 ತಲುಪಿದಾಗ ಗ್ರಾಹಕರಿಗೆ ಎಸ್‌ಎಂಎಸ್ ಮೂಲಕ ತಿಳಿಸಬೇಕು. ಈ ಸಂದೇಶಗಳನ್ನು ಅಳಿಸಬಾರದು. ಶೇ. 90ರ ಸಂದೇಶ ಬಂದ ತಾರೀಖು ಕಂಪನಿಯದೇ ಎಣಿಕೆಯ ದಾಖಲೆ. ಸಂದೇಶವೇ ಬಂದಿಲ್ಲವಾದರೆ, ಕಳುಹಿಸಿದ ದಿನ ಮತ್ತು ವೇಳೆಯನ್ನು ತೋರಿಸಿರೆಂದು ಕೇಳಬಹುದು.

ತಕರಾರು ನಡೆದಿರುವಾಗ ಬಿಲ್ಲನ್ನು ಪೂರ್ತಿ ನಿಲ್ಲಿಸಿದರೆ ಸಂಪರ್ಕ ಕಡಿತವಾಗುವ ಸಂಭವವಿದೆ. ತಕರಾರಿಲ್ಲದ ಮೊತ್ತವನ್ನು ಕಟ್ಟಿ, ಉಳಿದುದನ್ನು ಏಕೆ ಕಟ್ಟಿಲ್ಲವೆಂದು ಡಾಕೆಟ್ ಸಂಖ್ಯೆಯೊಡನೆ ಇಮೇಲ್ ಕಳುಹಿಸುವುದು ಸುರಕ್ಷಿತ. ಸ್ವಯಂಪಾವತಿ ಇದ್ದರೆ ಅದನ್ನು ಮೊದಲೇ ತಡೆಯಬೇಕು.

## ಗ್ರಾಹಕ ಆಯೋಗ

2009ರಲ್ಲಿ ಸರ್ವೋಚ್ಚ ನ್ಯಾಯಾಲಯವು, 1885ರ ಟೆಲಿಗ್ರಾಫ್ ಕಾಯ್ದೆಯ 7-ಬಿ ಕಲಮಿನಲ್ಲಿ ಮಧ್ಯಸ್ಥಿಕೆಯ ಏರ್ಪಾಡು ಇರುವುದರಿಂದ ದೂರವಾಣಿ ಬಿಲ್ಲಿನ ವ್ಯಾಜ್ಯ ಗ್ರಾಹಕ ವೇದಿಕೆಗೆ ಬರುವುದಿಲ್ಲವೆಂದು ಹೇಳಿತ್ತು. ಇದು ಬಹುಕಾಲ ಗ್ರಾಹಕರಿಗೆ ಅಡ್ಡಗೋಡೆಯಾಗಿತ್ತು. ಆಮೇಲೆ ಅಹಮದಾಬಾದಿನ ವೇದಿಕೆಯಲ್ಲಿ ದೂರು ಕೊಟ್ಟ ಪೋಸ್ಟ್‌ಪೇಯ್ಡ್ ಗ್ರಾಹಕರೊಬ್ಬರ ಪ್ರಕರಣ ಬಂದಿತು. ಸರಾಸರಿ 555 ರೂಪಾಯಿ ಇರುತ್ತಿದ್ದ ಅವರ ತಿಂಗಳ ಬಿಲ್ 2013ರ ನವೆಂಬರ್ 8ರಿಂದ ಡಿಸೆಂಬರ್ 7ರ ಅವಧಿಗೆ 24,609.51 ರೂಪಾಯಿಗೆ ಏರಿದೆಯೆಂಬುದು ಅವರ ದೂರು. ವೊಡಾಫೋನ್ ಐಡಿಯಾ ಕಂಪನಿಯು ವೇದಿಕೆಗೆ ಅಧಿಕಾರವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. 2022ರ ಫೆಬ್ರವರಿ 16ರಂದು ನ್ಯಾಯಾಲಯವು ಆ ವಾದವನ್ನು ತಳ್ಳಿಹಾಕಿತು. ಬಿಲ್ಲು ಸರಿಯೋ ತಪ್ಪೋ ಎಂಬುದನ್ನು ಅದು ನಿರ್ಣಯಿಸಲಿಲ್ಲ. ಗ್ರಾಹಕ ವೇದಿಕೆ ಅದನ್ನು ವಿಚಾರಿಸಬಹುದು ಎಂದಷ್ಟೇ ಹೇಳಿತು.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದೂರುದಾರರು ತಾವು ವಾಸಿಸುವ ಸ್ಥಳದ ಜಿಲ್ಲಾ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು. ಹೀಗಾಗಿ ಕಂಪನಿಯ ಕಚೇರಿ ಬೆಂಗಳೂರಿನಲ್ಲಿರಲಿ, ಮುಂಬಯಿಯಲ್ಲಿರಲಿ, ಮೇಲಿನ ನಾಲ್ಕೂ ತಾಲ್ಲೂಕುಗಳವರಿಗೆ ಬಾಗಲಕೋಟೆಯ ಜಿಲ್ಲಾ ಆಯೋಗವೇ ಸಾಕು. ಸೇವೆಗೆ ಕೊಟ್ಟ ಹಣ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ. ಕಾರಣ ಉಂಟಾದ ಎರಡು ವರ್ಷಗಳೊಳಗೆ ಸಲ್ಲಿಸಬೇಕು. ಅಂತರ್ಜಾಲದ ಮೂಲಕವೂ ಸಲ್ಲಿಸಬಹುದು. ದಿನವಾರು ಹೋಲಿಕೆಯ ಪಟ್ಟಿ, ಪರದೆಯ ಚಿತ್ರಗಳು, ಡಾಕೆಟ್ ಸಂಖ್ಯೆ ಮತ್ತು ಮೇಲ್ಮನವಿಯ ಉತ್ತರ ಇವುಗಳನ್ನು ಅರ್ಜಿಗೆ ಲಗತ್ತಿಸಬೇಕು.